ಮುಂದೇನಾಯಿತು? ಹತ್ತು ಖಾಲಿ ಗೆರೆಗಳ ಕಥೆ

ಪ್ರಾಥಮಿಕ ಶಾಲೆಯ ವರ್ಕ್‌ಶೀಟ್‌ನಲ್ಲಿ ‘ಕಥೆಯನ್ನು ಪೂರ್ಣಗೊಳಿಸಿ’ ಎಂಬ ಪ್ರಶ್ನೆ ಬಂದರೆ ಮಗುವಿನ ಜೊತೆಗೆ ಮನೆಯ ದೊಡ್ಡವರೂ ಪೆನ್ಸಿಲ್ ಕೆಳಗಿಟ್ಟು ಯೋಚನೆಗೆ ಬೀಳುತ್ತಾರೆ. ಬಿಟ್ಟ ಸ್ಥಳ ತುಂಬಲು, ಹೊಂದಿಸಿ ಬರೆಯಲು ಪಾಠದಲ್ಲೇ ಉತ್ತರ ಇರುತ್ತದೆ. ಇಲ್ಲಿ ನಾಲ್ಕಾರು ಸಾಲಿನ ಆರಂಭ, ಅದರ ಕೆಳಗೆ ಖಾಲಿ ಗೆರೆಗಳು, ಅಷ್ಟೇ. ಉತ್ತರವನ್ನು ಎಲ್ಲಿಂದಲೋ ಹೊಸದಾಗಿ ತರಬೇಕೆಂದು ಎಲ್ಲರಿಗೂ ಅನಿಸುತ್ತದೆ. ನಿಜಕ್ಕೂ ಉತ್ತರದ ಮುಕ್ಕಾಲು ಪಾಲು ಆ ಆರಂಭದೊಳಗೇ ಇರುತ್ತದೆ.

ಮೂರನೇ ತರಗತಿಯ ಹಾಳೆಯಲ್ಲಿ ಇಂಥದೊಂದು ಆರಂಭ ಇದೆ ಎಂದುಕೊಳ್ಳೋಣ:

‘ಗೌರಿ ಒಂದು ಕುರಿಮರಿ ಸಾಕಿದ್ದಳು. ಅದರ ಕೊರಳಿಗೆ ಪುಟ್ಟ ಗಂಟೆ ಕಟ್ಟಿದ್ದಳು. ಕೆರೆ ಏರಿಯ ಮೇಲಿನ ಹುಣಸೆ ಚಿಗುರೆಂದರೆ ಮರಿಗೆ ಪ್ರಾಣ. ಒಂದು ಸಂಜೆ ಇಬ್ಬರೂ ಮನೆಗೆ ಬರುವಾಗ ಜೋರು ಮಳೆ ಶುರುವಾಯಿತು. ಗೌರಿ ಓಡಿ ಬಂದು ಮನೆ ಸೇರಿದಳು. ತಿರುಗಿ ನೋಡಿದರೆ ಮರಿ ಇಲ್ಲ!’

ಈ ಆರು ಸಾಲು ಓದಿದವರ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಉಳಿಯುತ್ತದೆ: ಮರಿ ಸಿಕ್ಕಿತೇ? ಮುಕ್ತಾಯ ಮೊದಲು ಉತ್ತರ ಕೊಡಬೇಕಾದ್ದು ಈ ಪ್ರಶ್ನೆಗೆ. ಗೌರಿ ಮುಂದೆ ಟೀಚರ್ ಆದಳು, ಮರಿ ದೊಡ್ಡ ಕುರಿಯಾಯಿತು ಎಂದೆಲ್ಲ ಬರೆದರೂ ಆ ಪ್ರಶ್ನೆ ಹಾಗೇ ಉಳಿದರೆ ಕಥೆ ಮುಗಿದಂತಾಗುವುದಿಲ್ಲ. ಪ್ರಶ್ನೆಯ ಜೊತೆಗೆ ಆರಂಭವು ಮೂರು ಸಾಮಾನುಗಳನ್ನೂ ಕೊಟ್ಟಿದೆ: ಗಂಟೆ, ಹುಣಸೆ ಚಿಗುರು, ಮಳೆ. ಇವುಗಳಲ್ಲಿ ಎರಡಾದರೂ ಮುಕ್ತಾಯದಲ್ಲಿ ಕೆಲಸಕ್ಕೆ ಬಂದರೆ ಕಥೆಯ ಎರಡು ಭಾಗಗಳು ಬೆಸೆದುಕೊಳ್ಳುತ್ತವೆ.

ಮಕ್ಕಳು ಸಾಮಾನ್ಯವಾಗಿ ಹಿಡಿಯುವ ದಾರಿಗಳು ಬೇರೆ. ಒಬ್ಬಳು ‘ಗೌರಿಗೆ ಎಚ್ಚರವಾಯಿತು, ಅದೆಲ್ಲ ಕನಸು’ ಎಂದು ಮುಗಿಸುತ್ತಾಳೆ. ಇನ್ನೊಬ್ಬ ‘ಆಮೇಲೆ ಪೊಲೀಸ್ ಮಾಮ ಬಂದು ಮರಿಯನ್ನು ಹುಡುಕಿಕೊಟ್ಟರು’ ಎನ್ನುತ್ತಾನೆ. ಪಕ್ಕದಲ್ಲಿ ಕೂತ ದೊಡ್ಡವರು ಸೇರಿಸುವ ಸಾಲೂ ಒಂದಿದೆ: ‘ಆದ್ದರಿಂದ ಮಕ್ಕಳೇ, ಸಾಕುಪ್ರಾಣಿಗಳನ್ನು ಜೋಪಾನ ಮಾಡಬೇಕು.’

ಮೂರರಲ್ಲೂ ಇರುವ ದೋಷ ಒಂದೇ. ಕನಸೆಂದ ಕೂಡಲೇ ಮರಿ ಕಳೆದದ್ದೇ ಸುಳ್ಳಾಗುತ್ತದೆ, ಓದುವವರ ಆತಂಕ ದಂಡವಾಗುತ್ತದೆ. ಪೊಲೀಸ್ ಬಂದರೆ ಗೌರಿಗೆ ಮಾಡಲು ಏನೂ ಉಳಿಯುವುದಿಲ್ಲ. ನೀತಿ ಹೇಳಿದರೆ ಮರಿ ಎಲ್ಲಿತ್ತು ಎಂಬುದೇ ತಿಳಿಯುವುದಿಲ್ಲ. ಇದನ್ನು ಪತ್ತೆ ಹಚ್ಚಲು ಸುಲಭದ ಉಪಾಯವಿದೆ. ಆರಂಭವನ್ನು ಕೈಯಿಂದ ಮುಚ್ಚಿ ಮುಕ್ತಾಯವನ್ನಷ್ಟೇ ಓದಬೇಕು. ಕಳೆದುಹೋದ ಚೆಂಡಿನ ಕಥೆಗೂ ದಾರಿ ತಪ್ಪಿದ ಮೊಲದ ಕಥೆಗೂ ಅದು ಹಾಗೇ ಹೊಂದುವಂತಿದ್ದರೆ, ಅದು ಗೌರಿಯ ಕಥೆಯ ಮುಕ್ತಾಯವಲ್ಲ.

ಹಾಗಾದರೆ ಹೊಂದುವ ಮುಕ್ತಾಯ ಹೇಗಿರಬಹುದು?

‘ಗೌರಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಮತ್ತೆ ಹೊರಗೆ ಓಡಿದಳು. “ಮರೀ, ಬಾ ಬಾ!” ಎಂದು ಕೂಗಿದಳು. ಮಳೆಯ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ಕಿವಿಗೊಟ್ಟು ನಿಂತಳು. ಗಂಟೆಯ ಸದ್ದೂ ಇಲ್ಲ. ಆಗ ಅವಳಿಗೆ ಹುಣಸೆ ಚಿಗುರು ನೆನಪಾಯಿತು. ಕೆರೆ ಏರಿಯ ಕಡೆ ಓಡಿದಳು. ಮರಿ ಅಲ್ಲೇ ಇತ್ತು! ಬಾಗಿದ ಕೊಂಬೆಯ ಚಿಗುರು ಮೇಯುತ್ತಿತ್ತು. ಅದರ ಗಂಟೆಯೊಳಗೆ ಕೆಸರು ಮೆತ್ತಿಕೊಂಡಿತ್ತು. ಗೌರಿ ಬೆರಳಿನಿಂದ ಕೆಸರು ತೆಗೆದಳು. ಟಿಣ್! ಇಬ್ಬರೂ ಮನೆಗೆ ಬಂದರು. ಅಮ್ಮ ಒಂದೇ ಟವೆಲಿನಲ್ಲಿ ಇಬ್ಬರ ತಲೆಯನ್ನೂ ಒರೆಸಿದಳು.’

ಇಲ್ಲಿ ಹೊಸಬರೆಂದರೆ ಅಮ್ಮ ಒಬ್ಬಳೇ, ಅವಳೂ ಬರುವುದು ಮರಿ ಸಿಕ್ಕ ಮೇಲೆ. ಗೌರಿಯ ಮೊದಲ ಪ್ರಯತ್ನ ಸೋಲುತ್ತದೆ, ಮತ್ತು ಅದಕ್ಕೆ ಕಾರಣವೂ ಇದೆ: ಮಳೆ ಅವಳ ಕೂಗನ್ನು ನುಂಗುತ್ತದೆ. ಈ ಸಣ್ಣ ಸೋಲು ಮುಖ್ಯ. ಹೊರಗೆ ಕಾಲಿಟ್ಟ ಕೂಡಲೇ ಮರಿ ಸಿಕ್ಕಿಬಿಟ್ಟರೆ ಕೇಳುವ ಮಗುವಿಗೆ ಖುಷಿಪಡಲು ಸಮಯವೇ ಇರುವುದಿಲ್ಲ. ಗಂಟೆ ಯಾಕೆ ಕೇಳಿಸಲಿಲ್ಲ ಎಂಬ ಪ್ರಶ್ನೆಗೆ ಕೆಸರು ಉತ್ತರ ಕೊಡುತ್ತದೆ. ಕಡೆಯ ಸಾಲಿನಲ್ಲಿ ಉಪದೇಶ ಇಲ್ಲ. ಹುಡುಗಿಯೂ ಮರಿಯೂ ಬೆಚ್ಚಗೆ ಮನೆಯೊಳಗಿದ್ದಾರೆ ಎಂಬುದು ಟವೆಲಿನಿಂದ ಕಾಣುತ್ತದೆ. ಎಳೆಯ ಮಕ್ಕಳ ಕಥೆಗೆ ಈ ಸುರಕ್ಷಿತ ನಿಲ್ದಾಣ ಬೇಕು.

ಕನ್ನಡದ ಮಕ್ಕಳು ಬಲ್ಲ ಗೋವಿನ ಹಾಡಿನಲ್ಲೂ ಕಥೆ ಹೀಗೇ ನಡೆಯುತ್ತದೆ. ಹುಲಿಯ ಹಸಿವು, ಮರಳಿ ಬರುತ್ತೇನೆಂದು ಪುಣ್ಯಕೋಟಿ ಕೊಟ್ಟ ಮಾತು ಇವೆರಡೇ ಕಥೆಯನ್ನು ಕೊನೆಯವರೆಗೂ ಎಳೆದೊಯ್ಯುತ್ತವೆ. ಹಸುವನ್ನು ಉಳಿಸಲು ಬೇಟೆಗಾರ ಬರುವುದಿಲ್ಲ. ಕೊಟ್ಟ ಮಾತೇ ಹುಲಿಯ ಮನಸ್ಸನ್ನು ಕಲಕುತ್ತದೆ. ಹಸು ಕಾಡಿಗೆ ಮರಳಿ ಬರುವಲ್ಲಿಗೆ ಹಾಡನ್ನು ನಿಲ್ಲಿಸಿ ‘ಈಗ ಹುಲಿ ಏನು ಮಾಡಬಹುದು?’ ಎಂದು ಕೇಳಿದರೆ ವರ್ಕ್‌ಶೀಟ್‌ಗೆ ಒಳ್ಳೆಯ ತಾಲೀಮು ಆಗುತ್ತದೆ.

ಕಥೆಯ ಕಟ್ಟು ಸರಿಯಿದ್ದರೂ ಬರವಣಿಗೆಯಲ್ಲಿ ಎಡವುವ ಜಾಗವೊಂದಿದೆ. ಏಳೆಂಟು ವರ್ಷದ ಮಗು ಬಾಯಲ್ಲಿ ಕಥೆ ಹೇಳುವಾಗ ಸಾಲುಸಾಲಿಗೂ ‘ಆಮೇಲೆ’ ಬರುತ್ತದೆ: ಆಮೇಲೆ ಓಡಿದಳು, ಆಮೇಲೆ ಕೂಗಿದಳು, ಆಮೇಲೆ ಮರಿ ಸಿಕ್ಕಿತು. ಘಟನೆಗಳೆಲ್ಲ ಸರದಿಯಲ್ಲಿ ಇರುತ್ತವೆ, ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ. ಆಗ ಪಕ್ಕದಲ್ಲಿ ಕೂತವರು ಒಂದೆರಡು ‘ಆಮೇಲೆ’ಗಳ ಜಾಗದಲ್ಲಿ ‘ಆದರೆ’ ಅಥವಾ ‘ಅದಕ್ಕೇ’ ಹೊಂದುತ್ತದೆಯೇ ಎಂದು ಕೇಳಬಹುದು. ‘ಕೂಗಿದಳು, ಆದರೆ ಕೇಳಿಸಲಿಲ್ಲ. ಅದಕ್ಕೇ ಕೆರೆ ಕಡೆ ಓಡಿದಳು.’ ಇಷ್ಟಾದರೆ ಮಗುವಿನ ಪಟ್ಟಿ ಕಥೆಯಾಗುತ್ತದೆ. ‘ಬಂದ್ಲು’, ‘ಸಿಕ್ತು’ ಎಂದು ಮನೆಮಾತಿನಲ್ಲಿ ಬರೆದಿದ್ದರೆ ಅದನ್ನು ತಿದ್ದುವುದು ಎರಡನೇ ಸುತ್ತಿಗಿರಲಿ. ಮೊದಲ ಸುತ್ತಿನಲ್ಲೇ ಕೆಂಪು ಶಾಯಿ ಒತ್ತಕ್ಷರಗಳ ಬೆನ್ನು ಹತ್ತಿದರೆ ಮುಂದಿನ ಸಲ ಮಗು ಬರೆಯಬಲ್ಲ ಪದಗಳಿಗಷ್ಟೇ ಕಥೆಯನ್ನು ಕುಗ್ಗಿಸುತ್ತದೆ.

ಅಪ್ಪ ಅಮ್ಮ ಹೇಳಿ ಬರೆಸುವ ಬದಲು ಮೂರು ಪ್ರಶ್ನೆ ಕೇಳಿದರೆ ಸಾಕು. ಗೌರಿಗೆ ಈಗ ಏನು ಬೇಕು? ಅದಕ್ಕೆ ಅಡ್ಡಿ ಏನು? ಹಾಳೆಯಲ್ಲಿ ಆಗಲೇ ಇರುವ ಯಾವ ವಸ್ತು ಅವಳಿಗೆ ನೆರವಾಗಬಹುದು? ಮಗು ಹುಣಸೆ ಮರವನ್ನೇ ಹೇಳಬೇಕೆಂದಿಲ್ಲ. ದೂರದಲ್ಲಿ ಗಂಟೆಯ ಸದ್ದು ಕೇಳಿಸಿತು ಎಂದರೂ, ಮಳೆನೀರು ನಿಂತ ಮಣ್ಣಿನಲ್ಲಿ ಗೊರಸಿನ ಗುರುತು ಕಂಡಿತು ಎಂದರೂ ಕಥೆ ನಿಲ್ಲುತ್ತದೆ.

ಒಂದು ಆರಂಭಕ್ಕೆ ಹಲವು ಮುಕ್ತಾಯ ಇರಬಹುದೆಂಬುದನ್ನೇ ಪುಸ್ತಕವಾಗಿಸಿದವರು ಇಟಲಿಯ ಮಕ್ಕಳ ಲೇಖಕ ಜಾನಿ ರೋದಾರಿ. 1970ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಪಡೆದ ಅವರು ಮರುವರ್ಷ ‘ತಾಂತೆ ಸ್ತೋರಿಯೆ ಪೆರ್ ಜೊಕಾರೆ’ ಎಂಬ ಸಂಕಲನ ಪ್ರಕಟಿಸಿದರು. ಅದರಲ್ಲಿ 20 ಕಥೆಗಳಿವೆ, ಪ್ರತಿಯೊಂದಕ್ಕೂ ಮೂರು ಮುಕ್ತಾಯ. ಕಾರುಗಳಿಂದ ಕಿಕ್ಕಿರಿದ ಊರಿಗೆ ಕೊಳಲಿನವನೊಬ್ಬ ಬರುವ ಕಥೆಯೂ ಅಲ್ಲಿದೆ. ಮೂರರಲ್ಲಿ ಒಂದನ್ನು ಓದುವ ಮಗು ಆರಿಸಿಕೊಳ್ಳಬೇಕು, ಯಾವುದೂ ಹಿಡಿಸದಿದ್ದರೆ ತನ್ನದೇ ಬರೆಯಬೇಕು. ಪುಸ್ತಕದ ಕೊನೆಯಲ್ಲಿ ರೋದಾರಿ ತಮಗೆ ಹಿಡಿಸಿದ್ದು ಯಾವುದು, ಯಾಕೆ ಎಂದು ತಾವೂ ಹೇಳುತ್ತಾರೆ.

ನಮ್ಮ ತರಗತಿಗಳಲ್ಲೂ ಇದನ್ನು ಮಾಡಲು ಬೇರೆ ಪುಸ್ತಕ ಬೇಕಿಲ್ಲ. ಮೂರು ಮಕ್ಕಳ ಮುಕ್ತಾಯಗಳನ್ನು ಶಿಕ್ಷಕಿ ಗಟ್ಟಿಯಾಗಿ ಓದಿ, ಗೌರಿಯ ಮರಿ ಎಲ್ಲೆಲ್ಲಿ ಸಿಕ್ಕಿತು, ಯಾಕೆ ಅಲ್ಲೇ ಸಿಕ್ಕಿತು ಎಂದು ಉಳಿದವರನ್ನು ಕೇಳಿದರಾಯಿತು. ‘ಯಾಕೆ’ಗೆ ಉತ್ತರ ಆರಂಭದ ಆರು ಸಾಲಿನಲ್ಲಿ ಸಿಕ್ಕಿದವರು ಆ ಸಾಲಿನ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆಯಲಿ.