ಹಣ ಒಂದು, ಬೇಡಿಕೆ ಐದು: ಯಾವುದನ್ನು ಮೊದಲು ಮಾಡುವುದು?



ವಾರ್ಷಿಕ ಮಹಾಸಭೆ ಹತ್ತಿರ ಬಂದಂತೆ ಪ್ರತಿಯೊಂದು ಸಣ್ಣ ಸಂಘದಲ್ಲಿಯೂ ಒಂದೇ ಮಾತು ಏಳುತ್ತದೆ. ಒಬ್ಬರು ಗೋದಾಮಿನ ಚಾವಣಿ ಸೋರುತ್ತಿದೆ ಎನ್ನುತ್ತಾರೆ. ಇನ್ನೊಬ್ಬರು ಸಿಮೆಂಟು ಕಣ ಬೇಕೆನ್ನುತ್ತಾರೆ. ಮತ್ತೊಬ್ಬರು ಅಡಿಕೆ ಸುಲಿಯುವ ಯಂತ್ರದ ಮಾತೆತ್ತುತ್ತಾರೆ. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ಕೊನೆಗೆ ಗಟ್ಟಿ ಧ್ವನಿಯವರ ಕೆಲಸ ಮೊದಲು ಆಗುತ್ತದೆ, ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತ ಎರಡು ಎಕರೆಯವರ ಕೆಲಸ ಉಳಿಯುತ್ತದೆ. ಇದನ್ನು ತಪ್ಪಿಸಲು ಅಂಕ ಹಾಕಿ ಆರಿಸುವ ಒಂದು ಕ್ರಮವಿದೆ. ಅದನ್ನು ಹೇಗೆ ಮಾಡಬೇಕು, ಅದು ಎಲ್ಲಿ ಎಡವುತ್ತದೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ. ಕೆಳಗಿನ ಮೊಬಲಗುಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು; ನಿಮ್ಮ ಊರಿನ ದರ ಹಾಕಿಕೊಂಡು ಓದಬೇಕು.

ಮೊದಲು ಖರ್ಚು ಮಾಡಬಹುದಾದ ಹಣವೆಷ್ಟು ಎಂಬುದು ಗೊತ್ತಾಗಬೇಕು. ನಿವ್ವಳ ಲಾಭವೆಲ್ಲ ನಮ್ಮ ಕೈಯಲ್ಲಿರುವ ಹಣವಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ ಪ್ರಕಾರ ಅದರಲ್ಲಿ ಕನಿಷ್ಠ ಶೇ. 25ನ್ನು ಆಪದ್ಧನ ನಿಧಿಗೆ ಹಾಕಬೇಕು. ಆ ಮೇಲೆ ಉಳಿದ ನಿಧಿಗಳನ್ನೂ ತೆಗೆದು, ಕಾಮಗಾರಿಗೆ ಸಿಗುವುದು 5 ಲಕ್ಷ ರೂಪಾಯಿ ಎಂದು ಭಾವಿಸೋಣ. ಅದೇ ರೀತಿ, ಜೀವಕ್ಕೆ ಅಪಾಯವಿರುವ ಅಥವಾ ಕಾನೂನು ಕಡ್ಡಾಯ ಮಾಡಿರುವ ಕೆಲಸಗಳನ್ನು ಈ ಪಟ್ಟಿಗೆ ಸೇರಿಸಬಾರದು. ಗೋದಾಮಿನ ವಿದ್ಯುತ್ ತಂತಿ ಸುಟ್ಟಿದ್ದರೆ ಅದಕ್ಕೆ ಅಂಕ ಹಾಕುತ್ತ ಕೂರುವುದಿಲ್ಲ, ಮೊದಲು ಸರಿಪಡಿಸುತ್ತೇವೆ.

ಉಳಿದ ಬೇಡಿಕೆಗಳು ಐದು. ಗೋದಾಮಿನ ಚಾವಣಿ ದುರಸ್ತಿಗೆ 1.8 ಲಕ್ಷ, ಸಿಮೆಂಟು ಕಣಕ್ಕೆ 4 ಲಕ್ಷ, ತೇವಾಂಶ ಅಳೆಯುವ ಮಾಪಕ ಮತ್ತು ಹೊಸ ತೂಕದ ಯಂತ್ರಕ್ಕೆ 60 ಸಾವಿರ, ಅಡಿಕೆ ಸುಲಿಯುವ ಯಂತ್ರಕ್ಕೆ 2.4 ಲಕ್ಷ, ಸಭಾಭವನಕ್ಕೆ 5.5 ಲಕ್ಷ.

ಈಗ ಅಳತೆಗೋಲು. ಮೂರು ಪ್ರಶ್ನೆ ಸಾಕು. ಒಂದು, ವರ್ಷಕ್ಕೆ ಎಷ್ಟು ನಷ್ಟ ತಪ್ಪುತ್ತದೆ ಅಥವಾ ಎಷ್ಟು ಬೆಲೆ ಹೆಚ್ಚು ಸಿಗುತ್ತದೆ? ಎರಡು, ಎಷ್ಟು ಸದಸ್ಯರು ನಿಜವಾಗಿ ಬಳಸುತ್ತಾರೆ? ಮೂರು, ಅದನ್ನು ನಡೆಸಿ ಕಾಪಾಡಿಕೊಳ್ಳಲು ನಮ್ಮಲ್ಲಿ ಜನ, ಹಣ ಇದೆಯೇ? ಒಂದೊಂದಕ್ಕೂ 0ಯಿಂದ 5ರವರೆಗೆ ಅಂಕ. ಮೊದಲನೆಯದರ ತೂಕ 5, ಎರಡನೆಯದರದು 3, ಮೂರನೆಯದರದು 2. ಹೀಗೆ ಒಟ್ಟು ಗರಿಷ್ಠ ಅಂಕ 50.

ಇಲ್ಲಿ ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಯಾವ ಅಂಕಕ್ಕೆ ಏನು ಅರ್ಥ ಎಂಬುದನ್ನು ಅಂಕ ಹಾಕುವ ಮೊದಲೇ ಬರೆದಿಡಬೇಕು. ಬಳಕೆದಾರರ ವಿಷಯದಲ್ಲಿ 1 ಎಂದರೆ ಹತ್ತರಲ್ಲಿ ಒಬ್ಬ ಸದಸ್ಯ, 3 ಎಂದರೆ ಅರ್ಧದಷ್ಟು ಸದಸ್ಯರು, 5 ಎಂದರೆ ಹೆಚ್ಚು ಕಡಿಮೆ ಎಲ್ಲರೂ. ನಷ್ಟದ ವಿಷಯದಲ್ಲಿ ರೂಪಾಯಿಯನ್ನೇ ಬರೆಯಬೇಕು: ಕಳೆದ ಮಳೆಗಾಲದಲ್ಲಿ ಎಷ್ಟು ಮೂಟೆ ನೆನೆಯಿತು, ಮೂಟೆಗೆ ಎಷ್ಟು ಬೆಲೆ ಇಳಿಯಿತು ಎಂದು. ಬರೆದಿಡದಿದ್ದರೆ ಒಬ್ಬರ 4 ಇನ್ನೊಬ್ಬರ 2 ಆಗಿರುತ್ತದೆ. ಎರಡನೆಯದು, ಒಂದೇ ವಿಷಯವನ್ನು ಎರಡು ಹೆಸರಿನಲ್ಲಿ ಎಣಿಸಬಾರದು. ‘ಎಷ್ಟು ಸದಸ್ಯರು’ ಎಂದು ಕೇಳಿದ ಮೇಲೆ ‘ಜನಪ್ರಿಯತೆ’ ಎಂದು ಇನ್ನೊಂದು ಕಾಲಮು ಹಾಕಿದರೆ ಸಭಾಭವನಕ್ಕೆ ಎರಡು ಸಲ ಅಂಕ ಕೊಟ್ಟಂತೆ. ಖರ್ಚನ್ನೂ ಒಂದು ಪ್ರಶ್ನೆಯಾಗಿ ಸೇರಿಸಬಾರದು. ಅದರ ಸ್ಥಾನ ಬೇರೆ, ಮುಂದೆ ಬರುತ್ತದೆ.

ಅಂಕಗಳನ್ನು ನಿರ್ದೇಶಕರು ಒಬ್ಬೊಬ್ಬರೇ ಚೀಟಿಯಲ್ಲಿ ಬರೆದುಕೊಡಬೇಕು. ಬೇಡಿಕೆ ತಂದವರು ತಮ್ಮ ಬೇಡಿಕೆಗೆ ಅಂಕ ಹಾಕಬಾರದು. ಒಬ್ಬರು 1, ಇನ್ನೊಬ್ಬರು 5 ಬರೆದಿದ್ದರೆ ಸರಾಸರಿ ತೆಗೆದು ಮುಚ್ಚಿಹಾಕಬಾರದು. ಇಬ್ಬರಲ್ಲಿ ಒಬ್ಬರಿಗೆ ಗೊತ್ತಿರುವ ಸಂಗತಿ ಇನ್ನೊಬ್ಬರಿಗೆ ಗೊತ್ತಿಲ್ಲ ಎಂದು ಅರ್ಥ. ಕಾರಣ ಕೇಳಿ, ಮತ್ತೆ ಬರೆಸಬೇಕು.

ನಮ್ಮ ಉದಾಹರಣೆಯಲ್ಲಿ ಹೀಗೆ ಬಂತೆನ್ನಿ:

ಚಾವಣಿ: 4, 3, 5. ಒಟ್ಟು 20 + 9 + 10 = 39.
ಕಣ: 4, 4, 4. ಒಟ್ಟು 20 + 12 + 8 = 40.
ಮಾಪಕ: 3, 5, 4. ಒಟ್ಟು 15 + 15 + 8 = 38.
ಸುಲಿಯುವ ಯಂತ್ರ: 3, 2, 1. ಒಟ್ಟು 15 + 6 + 2 = 23.
ಸಭಾಭವನ: 0, 4, 3. ಒಟ್ಟು 0 + 12 + 6 = 18.

ಮಾಪಕಕ್ಕೆ ಇಷ್ಟು ಅಂಕವೇ ಎಂದು ಕೆಲವರಿಗೆ ಆಶ್ಚರ್ಯವಾಗಬಹುದು. ಪಾರ್ಚ್‌ಮೆಂಟ್ ಶೇ. 10ರ ಹತ್ತಿರ, ರೊಬಸ್ಟಾ ಚೆರಿ ಶೇ. 11ರ ಹತ್ತಿರ ಒಣಗಬೇಕು. ಅಳೆಯುವ ಸಾಧನ ವ್ಯಾಪಾರಿಯ ಕೈಯಲ್ಲಿ ಮಾತ್ರ ಇದ್ದರೆ ಅವನು ಹೇಳಿದ್ದೇ ತೇವ, ಅವನು ಕಡಿದದ್ದೇ ತೂಕ. ಹೆದರಿ ಅತಿಯಾಗಿ ಒಣಗಿಸಿದರೆ ತೂಕ ನಮ್ಮ ಕಣದಲ್ಲೇ ಹೋಗುತ್ತದೆ. ಈ ನಷ್ಟ ಮೂಟೆ ಮಾರುವ ಪ್ರತಿಯೊಬ್ಬನಿಗೂ ಇದೆ.

ಈಗ ಬಹಳ ಸಂಘಗಳು ಮಾಡುವ ತಪ್ಪಿಗೆ ಬರೋಣ. ಹೆಚ್ಚು ಅಂಕ ಬಂದದ್ದನ್ನು ಮೊದಲು ಹಿಡಿದು ಹಣ ಮುಗಿಯುವವರೆಗೂ ಕೆಳಗಿಳಿಯುವುದು. ಹಾಗೆ ಮಾಡಿದರೆ ಕಣಕ್ಕೆ 4 ಲಕ್ಷ ಹೋಗುತ್ತದೆ. ಉಳಿದ ಒಂದು ಲಕ್ಷಕ್ಕೆ ಚಾವಣಿ ಆಗುವುದಿಲ್ಲ, ಮಾಪಕ ಮಾತ್ರ ಆಗುತ್ತದೆ. ಖರ್ಚು 4.6 ಲಕ್ಷ, ಬಂದ ಅಂಕ 78. ಇದೇ ಪಟ್ಟಿಯಲ್ಲಿ ಚಾವಣಿ ಮತ್ತು ಮಾಪಕವನ್ನು ಹಿಡಿದರೆ ಖರ್ಚು 2.4 ಲಕ್ಷ, ಬಂದ ಅಂಕ 77. ಒಂದೇ ಒಂದು ಅಂಕಕ್ಕಾಗಿ 2.2 ಲಕ್ಷ ಹೆಚ್ಚು ಕೊಡುತ್ತಿದ್ದೆವು! ಆದ್ದರಿಂದ ಅಂಕವನ್ನು ಖರ್ಚಿನಿಂದ ಭಾಗಿಸಿ ನೋಡಬೇಕು. ಲಕ್ಷ ರೂಪಾಯಿಗೆ ಮಾಪಕದಲ್ಲಿ ಸುಮಾರು 63 ಅಂಕ, ಚಾವಣಿಯಲ್ಲಿ 22, ಕಣದಲ್ಲಿ 10, ಸುಲಿಯುವ ಯಂತ್ರದಲ್ಲಿ ಹತ್ತಕ್ಕೆ ತುಸು ಕಡಿಮೆ, ಸಭಾಭವನದಲ್ಲಿ 3.

ಭಾಗಾಕಾರವನ್ನೂ ಕಣ್ಣು ಮುಚ್ಚಿ ನಂಬಬಾರದು. ಅದು ಯಾವಾಗಲೂ ಸಣ್ಣ ಕೆಲಸದ ಕಡೆಗೆ ವಾಲುತ್ತದೆ, ಏಕೆಂದರೆ ಅಂಕಕ್ಕೆ 5ರ ಮಿತಿ ಇದೆ, ಲಾಭಕ್ಕೆ ಇಲ್ಲ. ಕಣದಿಂದ ತಪ್ಪುವ ನಷ್ಟ ಮಾಪಕದ ನಾಲ್ಕರಷ್ಟಿದ್ದರೂ ಕಾಗದದಲ್ಲಿ ಕಾಣುವುದು 4 ಮತ್ತು 3. ನಷ್ಟದ ಅಂಕವನ್ನು ರೂಪಾಯಿ ಲೆಕ್ಕದಿಂದ ಕಟ್ಟಬೇಕೆಂದು ಮೇಲೆ ಹೇಳಿದ್ದು ಇದಕ್ಕಾಗಿಯೇ. ಹಾಗೆ ಕಟ್ಟಲು ಆಗದಿದ್ದರೆ ದೊಡ್ಡ ಕೆಲಸದ ಪಕ್ಕದಲ್ಲಿ ರೂಪಾಯಿ ಲಾಭವನ್ನು ಪ್ರತ್ಯೇಕವಾಗಿ ಬರೆದು ನೋಡಬೇಕು.

ಭಾಗಾಕಾರದ ಪ್ರಕಾರವೇ ನಡೆದರೆ ಮಾಪಕ, ಚಾವಣಿ ಆದ ಮೇಲೆ ಉಳಿದ 2.6 ಲಕ್ಷದಲ್ಲಿ ಕಣ ಆಗುವುದಿಲ್ಲ, ಸುಲಿಯುವ ಯಂತ್ರ ಆಗುತ್ತದೆ. ಹಣ ಉಳಿಸುವುದೇಕೆ, ತೆಗೆದುಕೊಳ್ಳೋಣ ಎನ್ನುವವರಿರುತ್ತಾರೆ. ಆದರೆ ಅದರ ಮೂರನೆಯ ಅಂಕ ನೋಡಿ, ಒಂದು. ನಡೆಸುವವರಿಲ್ಲ, ಬಿಡಿಭಾಗ ಹತ್ತಿರ ಸಿಗುವುದಿಲ್ಲ. ಬೇರೆ ಕಾಲಮಿನ ಅಂಕ ಈ ಕೊರತೆಯನ್ನು ಮುಚ್ಚಲಾರದು. ಆದ್ದರಿಂದ ‘ಯಾವುದೇ ಪ್ರಶ್ನೆಯಲ್ಲಿ 2ಕ್ಕಿಂತ ಕಡಿಮೆ ಬಂದರೆ, ಆ ಕೊರತೆ ನೀಗುವವರೆಗೆ ಬೇಡಿಕೆ ಕಾಯತಕ್ಕದ್ದು’ ಎಂಬ ನಿಯಮವನ್ನು ಮೊದಲೇ ಮಾಡಿಕೊಂಡಿರಬೇಕು. 2.6 ಲಕ್ಷವನ್ನು ಬ್ಯಾಂಕಿನಲ್ಲಿಟ್ಟರೆ, ದರ ಏರದಿದ್ದರೆ ಮುಂದಿನ ವರ್ಷ ಕಣಕ್ಕೆ ಬೇಕಾದದ್ದು 1.4 ಲಕ್ಷ ಮಾತ್ರ.

ತೂಕ 5, 3, 2 ಏಕೆ, 3, 5, 2 ಏಕಾಗಬಾರದು ಎಂದು ಯಾರಾದರೂ ಕೇಳಿದರೆ ಜಗಳ ಬೇಡ, ಹಾಕಿ ನೋಡಿ. ಆಗ ಮಾಪಕ 42, ಕಣ 40, ಚಾವಣಿ 37, ಸಭಾಭವನ 26, ಯಂತ್ರ 21. ಮೂರಕ್ಕೂ ಸಮ ತೂಕ ಕೊಟ್ಟರೆ ಮೊದಲ ಮೂರೂ 12 12 ಅಂಕ. ಹೇಗೆ ಹಾಕಿದರೂ ಮೇಲಿನ ಮೂರು ಮೇಲೆಯೇ, ಕೆಳಗಿನ ಎರಡು ಕೆಳಗೆಯೇ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬಿನ್ ಡಾವ್ಸ್ ಕೂಡ 1979ರಲ್ಲಿ ತೋರಿಸಿದ್ದು ಇದನ್ನೇ: ಸರಿಯಾದ ಪ್ರಶ್ನೆ ಆರಿಸಿಕೊಂಡರೆ ಸಮ ತೂಕವೂ ಬಹುಪಾಲು ಒಳ್ಳೆಯ ತೀರ್ಮಾನ ಕೊಡುತ್ತದೆ. 38, 39, 40ರ ನಡುವೆ ವ್ಯತ್ಯಾಸವೇ ಇಲ್ಲವೆಂದು ತಿಳಿಯಬೇಕು. ತೂಕ ತುಸು ಬದಲಿಸಿದೊಡನೆ ಪಟ್ಟಿ ಮೇಲೆ ಕೆಳಗಾದರೆ, ಅಂಕದಿಂದ ತೀರ್ಮಾನವಾಗದು, ಇನ್ನಷ್ಟು ಮಾಹಿತಿ ಬೇಕು ಎಂದರ್ಥ.

ಕೊನೆಯದಾಗಿ, ಅಂಕದ ಪಟ್ಟಿಗೆ ಕಾಣದ ಒಂದು ಸಂಗತಿ. ಅದನ್ನು ತಿಳಿಯಲು ಮಲೆನಾಡಿನಿಂದ ಮುಳಬಾಗಿಲು ತಾಲ್ಲೂಕಿನ ನಂಗಲಿ ಕಡೆಗೆ ಹೋಗಬೇಕು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ, ಕೆರೆಯೇ ಆಧಾರ. ಕೆರೆಗೆ ನೀರು ತರುವುದು ರಾಜಕಾಲುವೆ, ಹಿಡಿಯುವುದು ಏರಿ, ಹೆಚ್ಚಾದದ್ದನ್ನು ಬಿಡುವುದು ಕೋಡಿ, ಗದ್ದೆಗೆ ಕೊಡುವುದು ತೂಬು. ಊರವರು ಸ್ವಲ್ಪ ಹಣ ಕೂಡಿಸಿ ನಾಲ್ಕೈದು ಕೆಲಸಗಳಲ್ಲಿ ಒಂದನ್ನು ಆರಿಸಬೇಕಾದರೆ ಹೂಳೆತ್ತುವುದಕ್ಕೇ ಹೆಚ್ಚು ಅಂಕ ಬರುತ್ತದೆ. ನೀರಿನ ಜಾಗವೂ ಹೆಚ್ಚುತ್ತದೆ, ಹೂಳು ಹೊಲಕ್ಕೂ ಆಗುತ್ತದೆ. ಆದರೆ ರಾಜಕಾಲುವೆ ಮುಚ್ಚಿಹೋಗಿದ್ದರೆ ಆಳ ಮಾಡಿದ ಕೆರೆಗೆ ನೀರೇ ಬಾರದು. ಕೋಡಿ ಒಡೆದಿದ್ದರೆ ಬಂದ ನೀರು ನಿಲ್ಲದು. ತೂಬಿನ ಮಟ್ಟಕ್ಕಿಂತ ಕೆಳಗೆ ತೋಡಿದರೆ ಆ ನೀರು ಬಾವಿಗಳಿಗೆ ಇಂಗೀತು, ದನಗಳಿಗೆ ಆದೀತು, ಗದ್ದೆಗೆ ಹರಿಯದು. ರಾಜ್ಯದಲ್ಲಿ 2002ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಜಲ ಸಂವರ್ಧನೆಯ ಕೆಲಸ ಆರಂಭವಾದಾಗ ಕೆರೆ ಬಳಕೆದಾರರ ಸಂಘ ಕಟ್ಟಿಸಿ, ಇಡೀ ಕೆರೆಗೆ ಒಂದೇ ಯೋಜನೆ ಬರೆಸಿದ್ದರ ಹಿಂದಿನ ತರ್ಕ ಇದೇ. ಬಿಡಿಬಿಡಿಯಾಗಿ ಅಂಕ ಹಾಕಿದರೆ ಒಂದು ಕೆಲಸ ಇನ್ನೊಂದರ ಮೇಲೆ ನಿಂತಿರುವುದು ಕಾಣುವುದಿಲ್ಲ.

ನಮ್ಮ ಕಣಕ್ಕೂ ಚಾವಣಿಗೂ ಇರುವುದು ಇದೇ ಸಂಬಂಧ. ಹೊಸ ಕಣದಲ್ಲಿ ಚೆನ್ನಾಗಿ ಒಣಗಿಸಿದ ಕಾಫಿಯನ್ನು ಸೋರುವ ಗೋದಾಮಿನಲ್ಲಿ ಮಳೆಗಾಲ ಕಳೆಸಿದರೆ ತೇವ ಮತ್ತೆ ಹೀರಿ ಬಣ್ಣ ಕೆಡುತ್ತದೆ. ಕಣದ ನಾಲ್ಕು ಅಂಕ ಚಾವಣಿ ಸರಿಯಿದ್ದರೆ ಮಾತ್ರ ನಾಲ್ಕು. ಆದ್ದರಿಂದ ಅಂಕ ಹಾಕುವ ಮೊದಲು ಪ್ರತಿಯೊಂದು ಬೇಡಿಕೆಯ ಎದುರು ‘ಇದು ಫಲ ಕೊಡಲು ಇನ್ನಾವುದು ಆಗಿರಬೇಕು?’ ಎಂದು ಒಂದು ಸಾಲು ಬರೆಯಬೇಕು. ಎರಡು ಕೆಲಸ ಒಂದಕ್ಕೊಂದು ಅಂಟಿಕೊಂಡಿದ್ದರೆ ಎರಡನ್ನೂ ಒಂದೇ ಬೇಡಿಕೆಯೆಂದು ಖರ್ಚು ಕೂಡಿಸಿ ಎಣಿಸಬೇಕು, ಇಲ್ಲವೇ ಆಧಾರವಾದದ್ದನ್ನು ಮೊದಲು ಇಡಬೇಕು.

ಹೀಗೆ ನಮ್ಮ ಉದಾಹರಣೆಯ ತೀರ್ಮಾನ: ಈ ವರ್ಷ ಮಾಪಕ ಮತ್ತು ಚಾವಣಿ, ಮುಂದಿನ ವರ್ಷ ಕಣ, ನಡೆಸುವವರು ಸಿಕ್ಕ ಮೇಲೆ ಯಂತ್ರದ ಮರುಪರಿಶೀಲನೆ, ಸಭಾಭವನಕ್ಕೆ ಬೇರೆ ಅನುದಾನ ಹುಡುಕುವುದು. ಅಂಕದ ಹಾಳೆಯನ್ನು ಕಾರಣಗಳ ಸಮೇತ ನಡವಳಿ ಪುಸ್ತಕಕ್ಕೆ ಅಂಟಿಸಿ, ಮಹಾಸಭೆಯಲ್ಲಿ ಓದಬೇಕು. ಎರಡು ವರ್ಷದ ನಂತರ ಅದೇ ಹಾಳೆ ತೆಗೆದು, ನಿಜವಾಗಿ ಎಷ್ಟು ಮೂಟೆ ಉಳಿಯಿತು, ಎಷ್ಟು ಸದಸ್ಯರು ಮಾಪಕ ಬಳಸಿದರು ಎಂದು ಪಕ್ಕದಲ್ಲಿ ಬರೆದರೆ, ಮುಂದಿನ ಸಲದ ಅಂಕ ಇಂದಿನದಕ್ಕಿಂತ ಸತ್ಯಕ್ಕೆ ಹತ್ತಿರವಾಗುತ್ತದೆ.

— ಕಾರ್ಯದರ್ಶಿ