ಹದಿನಾರು ಮನೆಗಳಿಲ್ಲದೆ 9:3:3:1

ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಗಳಲ್ಲಿ ಕನ್ನಡದಲ್ಲಿ ವಿಜ್ಞಾನ ಓದುವ ಮಕ್ಕಳಿರಲಿ, ಗಡಿಯಾಚೆ ಚಾಮರಾಜನಗರದ ಮಕ್ಕಳಿರಲಿ, ಮೆಂಡಲ್‌ನ ದ್ವಿತಳೀಕರಣದ ಲೆಕ್ಕ ಬಂದರೆ ಮೊದಲು ಹದಿನಾರು ಮನೆಗಳ ಪುನ್ನೆಟ್ ಚೌಕವನ್ನೇ ಗೀಚುತ್ತಾರೆ. ಒಂದು ಮನೆ ತಪ್ಪಿದರೂ ಅನುಪಾತ ಕೆಡುತ್ತದೆ. ಇದಕ್ಕಿಂತ ಹಗುರವಾದ ದಾರಿ ಮೆಂಡಲ್ ಎಣಿಸಿದ ಕಾಳುಗಳಲ್ಲೇ ಇದೆ.

ಗ್ರೆಗರ್ ಮೆಂಡಲ್ ದುಂಡು ಹಳದಿ ಬಟಾಣಿಯನ್ನು ಸುಕ್ಕು ಹಸಿರು ಬಟಾಣಿಯೊಂದಿಗೆ ಸಂಕರ ಮಾಡಿದ. ಹುಟ್ಟಿದ ಕಾಳುಗಳೆಲ್ಲ ದುಂಡು ಹಳದಿ. ಅವುಗಳಿಂದ ಬೆಳೆದ 15 ಗಿಡಗಳು ಸ್ವಪರಾಗಸ್ಪರ್ಶದಿಂದ 556 ಕಾಳು ಕೊಟ್ಟವು: ದುಂಡು ಹಳದಿ 315, ದುಂಡು ಹಸಿರು 108, ಸುಕ್ಕು ಹಳದಿ 101, ಸುಕ್ಕು ಹಸಿರು 32. ಇದು ಹೆಚ್ಚುಕಡಿಮೆ 9:3:3:1. ಈ ಫಲಿತಾಂಶ 1866ರಲ್ಲಿ ಅಚ್ಚಾಯಿತು.

ಈಗ ಬಣ್ಣವನ್ನು ಮರೆತು ಆಕಾರವನ್ನಷ್ಟೇ ಎಣಿಸಿ. ದುಂಡು 423, ಸುಕ್ಕು 133. ಆಕಾರವನ್ನು ಮರೆತು ಬಣ್ಣ ನೋಡಿದರೆ ಹಳದಿ 416, ಹಸಿರು 140. ಎರಡೂ ಕಡೆ ಸುಮಾರು 3:1. ಒಂದು ಗುಣ ಇನ್ನೊಂದರ ಹಂಗಿಲ್ಲದೆ ಹಂಚಿಕೆಯಾಗುವುದರಿಂದ 9:3:3:1 ಎಂದರೆ ಎರಡು 3:1ಗಳ ಗುಣಲಬ್ಧವಷ್ಟೇ.

ಪರೀಕ್ಷೆಯಲ್ಲಿ RrYy × Rryy ಕೊಟ್ಟರೆ ಗುಣಗಳನ್ನು ಬೇರ್ಪಡಿಸಿ. Rr × Rr ದುಂಡು 3/4, ಸುಕ್ಕು 1/4 ಕೊಡುತ್ತದೆ. Yy × yy ಹಳದಿ 1/2, ಹಸಿರು 1/2. ಗುಣಿಸಿದರೆ ದುಂಡು ಹಳದಿ 3/8, ದುಂಡು ಹಸಿರು 3/8, ಸುಕ್ಕು ಹಳದಿ 1/8, ಸುಕ್ಕು ಹಸಿರು 1/8. ಅಂದರೆ 3:3:1:1. ಒಟ್ಟು 160 ಕಾಳಿದ್ದರೆ ನಿರೀಕ್ಷಿತ ಸಂಖ್ಯೆ 60, 60, 20, 20.

ಪ್ರಶ್ನೆ ತಲೆಕೆಳಗಾಗಿಯೂ ಬರಬಹುದು. ಕಾಳುಗಳು ಇದೇ ಕ್ರಮದಲ್ಲಿ 59, 62, 21, 18 ಇದ್ದರೆ ತಂದೆತಾಯಿ ಗಿಡಗಳ ಜೀನುಗಳೇನು? ದುಂಡು 121, ಸುಕ್ಕು 39: ಸುಮಾರು 3:1, ಆದ್ದರಿಂದ Rr × Rr. ಹಳದಿ 80, ಹಸಿರು 80: ಇದು 1:1, ಆದ್ದರಿಂದ Yy × yy. ಉತ್ತರ RrYy × Rryy.

ಹೆಚ್ಚು ಮಕ್ಕಳು ಎಡವುವುದು ಲಿಂಗಾಣು ಬರೆಯುವಾಗ. RrYy ಗಿಡದ ಲಿಂಗಾಣುಗಳು Rr, Yy ಅಲ್ಲ. ಪ್ರತಿ ಲಿಂಗಾಣುವಿಗೂ ಎರಡೂ ಗುಣಗಳಿಂದ ಒಂದೊಂದು ಅಕ್ಷರ ಬೇಕು: RY, Ry, rY, ry. ಇನ್ನೊಂದು ತಪ್ಪು, ದ್ವಿತಳೀಕರಣ ಎಂದೊಡನೆ ಕಣ್ಣುಮುಚ್ಚಿ 9:3:3:1 ಬರೆಯುವುದು. ಎರಡೂ ಗಿಡಗಳು RrYy ಆಗಿದ್ದರೆ ಮಾತ್ರ ಅದು ಸರಿ. RrYy × rryy ಇದ್ದರೆ 1:1:1:1.

ಒಂದೇ ವರ್ಣತಂತುವಿನಲ್ಲಿ ಹತ್ತಿರ ಹತ್ತಿರವಿರುವ ಜೀನುಗಳು ಒಟ್ಟಿಗೇ ಸಾಗುವುದರಿಂದ ಅಲ್ಲಿ ಈ ಗುಣಾಕಾರ ನಡೆಯದು. ಉಳಿದ ಲೆಕ್ಕಗಳಲ್ಲಿ ಉತ್ತರ ಬರೆದ ಮೇಲೆ ಭಿನ್ನರಾಶಿಗಳನ್ನು ಕೂಡಿಸಿ ನೋಡಿ. ಮೊತ್ತ 1 ಬರದಿದ್ದರೆ ಎಲ್ಲೋ ತಪ್ಪಿದೆ, ಹಿಂದಿರುಗಿ ಹುಡುಕಿ.