ಸಂಪರ್ಕವಿದ್ದೂ ಮೌನವೇಕೆ?

ಅಂತರಜಾಲದ ತಾಣವೊಂದು ತೆರೆದುಕೊಳ್ಳುವಂತೆ ತೋರಿ, ನಡುವೆಯೇ ನಿಶ್ಚಲವಾಗಿ ನಿಂತುಬಿಡುವುದುಂಟು. ಸಂಪರ್ಕವೇನೂ ಕಡಿದಿರುವುದಿಲ್ಲ, ಆದರೂ ಮುಂದಿನ ಅಕ್ಷರವೊಂದೂ ಬಾರದು. ಇದರ ಒಂದು ಕಾರಣವನ್ನು ನಾವೀಗ ವಿಚಾರಿಸೋಣ.

ಜಾಲದಲ್ಲಿ ಮಾಹಿತಿಯು ಪ್ಯಾಕೆಟ್ ಎಂಬ ಚಿಕ್ಕ ಕಟ್ಟುಗಳಾಗಿ ಸಾಗುತ್ತದೆ. ಸಾಮಾನ್ಯ ಈಥರ್‌ನೆಟ್ ತಂತಿಯಲ್ಲಿ ಒಂದು ಕಟ್ಟು 1500 ಬೈಟುಗಳಷ್ಟು ದೊಡ್ಡದಾಗಿರಬಹುದು. ಪಿಪಿಪಿಒಇ ಎಂಬ ಕ್ರಮದ ಸಂಪರ್ಕದಲ್ಲಾದರೋ 8 ಬೈಟುಗಳು ಆ ಕ್ರಮಕ್ಕೇ ವ್ಯಯವಾಗಿ 1492 ಮಾತ್ರ ಉಳಿಯುತ್ತವೆ. ಈ ಮಿತಿಗೆ ಎಂಟಿಯು ಎಂದು ಹೆಸರು.

ದೂರದ ಸರ್ವರ್ ಒಂದು 1500 ಬೈಟುಗಳ ಕಟ್ಟನ್ನು ‘ಒಡೆಯಬೇಡಿ’ ಎಂಬ ಗುರುತಿನೊಡನೆ ನಮಗೆ ಕಳುಹಿಸಿತೆನ್ನೋಣ. ಇಕ್ಕಟ್ಟಾದ ದಾರಿಯ ಬಾಯಲ್ಲಿರುವ ರೌಟರ್ ಅದನ್ನು ತ್ಯಜಿಸಿ, ‘ಇಲ್ಲಿ 1492 ಮಾತ್ರ ಹಿಡಿಸುತ್ತದೆ’ ಎಂದು ಐಸಿಎಂಪಿ ಸಂದೇಶದ ಮೂಲಕ ಸರ್ವರ್‌ಗೆ ತಿಳಿಸುತ್ತದೆ. ಸರ್ವರ್ ಕಟ್ಟನ್ನು ಕಿರಿದುಮಾಡುತ್ತದೆ. ಐಪಿವಿ4 ಜಾಲಕ್ಕೆ 1990ರಲ್ಲಿ ಆರ್‌ಎಫ್‌ಸಿ 1191 ವಿವರಿಸಿದ ಕ್ರಮವಿದು.

ಪಿಂಗ್ ಕರೆಯೂ ಐಸಿಎಂಪಿಯೇ: ಕರೆಯದು ವಿಧ 8, ಉತ್ತರದ್ದು ವಿಧ 0. ಮೇಲಿನ ಸೂಚನೆ ವಿಧ 3, ಸಂಕೇತ 4. ಪಿಂಗನ್ನು ತಡೆಯಹೊರಟ ನಿರ್ವಾಹಕನು ಐಸಿಎಂಪಿಯನ್ನೆಲ್ಲ ತಡೆದರೆ ಈ ಸೂಚನೆಯೂ ಸರ್ವರ್‌ನ ಬಾಗಿಲಲ್ಲೇ ಅಳಿಯುತ್ತದೆ. ಸರ್ವರ್ ಅದೇ ಕಟ್ಟನ್ನು ಮರಳಿ ಮರಳಿ ಕಳುಹಿಸುತ್ತದೆ. ರೌಟರ್ ಮರಳಿ ಮರಳಿ ತ್ಯಜಿಸುತ್ತದೆ. ಸಂಪರ್ಕವನ್ನು ಸ್ಥಾಪಿಸುವ ಕಟ್ಟುಗಳು ಚಿಕ್ಕವಾದುದರಿಂದ ಅವು ನಿರಾತಂಕವಾಗಿ ದಾಟಿರುತ್ತವೆ. ಮೊದಲ ದೊಡ್ಡ ಕಟ್ಟಿನೊಡನೆ ಮೌನವು ಆರಂಭವಾಗುತ್ತದೆ.

ಪರೀಕ್ಷೆ ಸುಲಭ. ನಮ್ಮ ಗಣಕದ ಎಂಟಿಯುವನ್ನು 1492ಕ್ಕೆ ಇಳಿಸಿದರೆ, ಅದು ಸಂಪರ್ಕದ ಆರಂಭದಲ್ಲೇ ಚಿಕ್ಕ ಕಟ್ಟುಗಳನ್ನು ಕೇಳುತ್ತದೆ. ಆಗ ಅದೇ ತಾಣವು ಪೂರ್ಣವಾಗಿ ತೆರೆದುಕೊಂಡರೆ, ದೋಷವು ಇದೇ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ನಿಜವಾದ ಪರಿಹಾರವಿರುವುದು ನಿರ್ವಾಹಕನ ಕೈಯಲ್ಲಿ: ಪಿಂಗನ್ನು ತಡೆದರೂ ವಿಧ 3, ಸಂಕೇತ 4ಕ್ಕೆ ಅವನು ದಾರಿ ಬಿಡಬೇಕು.